ಅವನ ಕಾಲಂನಲ್ಲಿ ಏಟ್ ಆಫ್ ಕಪ್ಸ್ ಬಂದಿದೆ, ಬಿಟ್ಟು ಹೋಗ್ತಾನೆ ಅಂತಾನಾ?

ಮಳೆಹನಿ
ಟ್ಯಾರೋ ಕಲಿಯೋಕೆ ಶುರು ಮಾಡಿ ಆರು ತಿಂಗಳಾಯ್ತು. ಇಲ್ಲಿಯವರೆಗೆ ದಿನಕ್ಕೊಂದು ಕಾರ್ಡ್ ತೆಗೆಯೋದು ಬಿಟ್ಟರೆ ದೊಡ್ಡದೇನೂ ಹಾಕಿರಲಿಲ್ಲ. ನಿನ್ನೆ ರಾತ್ರಿ ಮೊದಲ ಸಲ ಇಬ್ಬರ ಸ್ಪ್ರೆಡ್ ಹಾಕಿದೆ. ಎಡಗಡೆ ಕಾಲಂ ನನ್ನದು, ಬಲಗಡೆ ಅವನದು. ಮೇಲೆ ಯೋಚನೆ, ಮಧ್ಯೆ ಆಸೆ, ಕೆಳಗೆ ಅಡ್ಡಿ. ಒಟ್ಟು ಆರು ಕಾರ್ಡ್.

ನಮ್ಮ ಪರಿಚಯ ಮೂರು ವರ್ಷದ್ದು. ಎರಡು ತಿಂಗಳಿಂದ ಮದುವೆ ಮಾತು ಎತ್ತಿದರೆ ಸಾಕು, ಅವನು ಬೇರೆ ವಿಷಯಕ್ಕೆ ಹೋಗುತ್ತಾನೆ. ಅದಕ್ಕೇ ಹಾಕಿದ್ದು.

ನನ್ನ ಕಡೆ: ಯೋಚನೆಗೆ ಸೆವೆನ್ ಆಫ್ ಸ್ವೋರ್ಡ್ಸ್, ಆಸೆಗೆ ಫೋರ್ ಆಫ್ ವ್ಯಾಂಡ್ಸ್, ಅಡ್ಡಿಗೆ ಟೂ ಆಫ್ ಕಪ್ಸ್.
ಅವನ ಕಡೆ: ಯೋಚನೆಗೆ ಫೋರ್ ಆಫ್ ಪೆಂಟಕಲ್ಸ್, ಆಸೆಗೆ ಏಟ್ ಆಫ್ ಕಪ್ಸ್, ಅಡ್ಡಿಗೆ ಕ್ವೀನ್ ಆಫ್ ಸ್ವೋರ್ಡ್ಸ್.

ನಾನು ಓದಿಕೊಂಡಿದ್ದು ಹೀಗೆ: ಸೆವೆನ್ ಆಫ್ ಸ್ವೋರ್ಡ್ಸ್ ಅಂದರೆ ಮೋಸ, ಅವನು ಏನೋ ಮುಚ್ಚಿಡ್ತಿದ್ದಾನೆ. ಏಟ್ ಆಫ್ ಕಪ್ಸ್ ಅಂದರೆ ಬಿಟ್ಟು ಹೋಗುವ ಆಸೆ. ಕ್ವೀನ್ ಅಂದರೆ ಇನ್ನೊಬ್ಬಳು. ಸರಿನಾ? ರಾತ್ರಿ ನಿದ್ದೆ ಬಂದಿಲ್ಲ.

ಕಪ್ಪುಬೆಕ್ಕು
ಸೆವೆನ್ ಆಫ್ ಸ್ವೋರ್ಡ್ಸ್ ಬಂದರೆ ಮೋಸ ಅಂತಾನೇ ಅರ್ಥ. ನನ್ನ ಅನುಭವದಲ್ಲಿ ಒಂದು ಸಲಾನೂ ತಪ್ಪಿಲ್ಲ. ಹುಷಾರಾಗಿರಿ.

ದಾರಿಹೋಕ
ಮೇಲಿನ ಸಾಲು ಹಿಂದಿನದು, ಮಧ್ಯದ್ದು ಈಗಿನದು, ಕೆಳಗಿನದು ಮುಂದಿನದು ಅಲ್ವಾ? ಹಾಗಾದರೆ ಮುಂದೆ ಟೂ ಆಫ್ ಕಪ್ಸ್ ಬಂದಿದೆ, ಖುಷಿ ಪಡಿ. ಮದುವೆ ಆಗುತ್ತೆ.

ಮಳೆಹನಿ
@ದಾರಿಹೋಕ ಇಲ್ಲ ಇಲ್ಲ, ಇದರಲ್ಲಿ ಕಾಲ ಇಲ್ಲ. ಕೆಳಗಿನದು ಅಡ್ಡಿ. ಅದಕ್ಕೇ ತಲೆ ಕೆಟ್ಟಿರೋದು. ಅಷ್ಟು ಒಳ್ಳೆ ಕಾರ್ಡು ಅಡ್ಡಿಯ ಜಾಗದಲ್ಲಿ ಏನು ಮಾಡ್ತಿದೆ?

ಹಳೇಡೆಕ್ಕು
ಮಳೆಹನಿ, ಮೊದಲು ಒಂದು ಕೆಲಸ ಮಾಡಿ. ಸೆವೆನ್ ಆಫ್ ಸ್ವೋರ್ಡ್ಸ್ ಯಾರ ಕಾಲಂನಲ್ಲಿ ಇದೆ ನೋಡಿ. ನಿಮ್ಮದರಲ್ಲಿ, ಯೋಚನೆಯ ಜಾಗದಲ್ಲಿ. ಅಂದರೆ ಕಳ್ಳತನದ ಬಗ್ಗೆ ಯೋಚಿಸುತ್ತಿರುವುದು ನೀವು. ಅವನು ಕದ್ದ ಅಂತ ಆ ಕಾರ್ಡ್ ಎಲ್ಲೂ ಹೇಳಿಲ್ಲ. ನಿಮ್ಮ ತಲೆಯಲ್ಲಿ ಅನುಮಾನ ಓಡುತ್ತಿದೆ ಅಂತ ಹೇಳಿದೆ, ಮತ್ತೆ ನೀವು ಬರೆದಿರೋ ಪೋಸ್ಟೇ ಅದಕ್ಕೆ ಸಾಕ್ಷಿ. ಇಬ್ಬರ ಸ್ಪ್ರೆಡ್‌ನಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಕಾರ್ಡ್ ಚಿತ್ರ ಹೆದರಿಕೆ ಹುಟ್ಟಿಸಿದ ಕೂಡಲೇ ಅದನ್ನು ಎತ್ತಿ ಎದುರಿನವರ ತಲೆಗೆ ಕಟ್ಟುತ್ತೇವೆ.

ಇನ್ನೊಂದು ಓದೂ ಇದೆ, ಅದು ನಿಮಗೆ ಇಷ್ಟ ಆಗದೇ ಇರಬಹುದು. ಆ ಚಿತ್ರದಲ್ಲಿ ಒಬ್ಬ ಐದು ಕತ್ತಿ ಎತ್ತಿಕೊಂಡು ಬೆಕ್ಕಿನ ಹೆಜ್ಜೆ ಇಟ್ಟು ಹೋಗ್ತಾನೆ, ಎರಡು ಕತ್ತಿ ಹಿಂದೆ ನೆಲದಲ್ಲೇ ನೆಟ್ಟಿರುತ್ತವೆ. ನೇರವಾಗಿ ಕೇಳದೆ, ಸುತ್ತಿ ಬಳಸಿ ಏನಾದರೂ ತಿಳಿದುಕೊಳ್ಳೋಣ ಅನ್ನುವ ಉಪಾಯ ಅದು. ಅವನಿಗೆ ಹೇಳದೆ ರಾತ್ರಿ ಕೂತು ಅವನ ಮನಸ್ಸಿನ ಕಾರ್ಡ್ ತೆಗೆದಿರಲ್ಲ, ಅದೂ ಇದೇ ಅಲ್ವಾ?

ಮಳೆಹನಿ
ಅಯ್ಯೋ. ಕಪಾಳಕ್ಕೆ ಹೊಡೆದ ಹಾಗಾಯ್ತು. ಒಪ್ಪಿಕೊಂಡುಬಿಡ್ತೀನಿ: ಮೊದಲ ಕಾರ್ಡ್ ತಿರುಗಿಸಿದಾಗ ಅದೇ ಬಂತು, ಆಗ ಒಂದು ಕ್ಷಣ "ಎಡಗಡೆ ಅವನದು ಅಂತ ಮಾಡಿಬಿಡೋಣ್ವಾ" ಅನ್ನಿಸಿತ್ತು. ಮಾಡಲಿಲ್ಲ. ಆದರೆ ಅನ್ನಿಸಿದ್ದು ನಿಜ.

ಹಳೇಡೆಕ್ಕು
ಅನ್ನಿಸುತ್ತೆ, ಎಲ್ಲರಿಗೂ. ನಾನು ಹಾಕುವಾಗ ಒಂದು ಚೀಟಿಯಲ್ಲಿ ಎರಡು ಹೆಸರು ಬರೆದು ಮೇಲ್ಗಡೆ ಇಟ್ಟುಬಿಡುತ್ತೇನೆ. ಕಾರ್ಡ್ ತಿರುಗುವ ಮುಂಚೆಯೇ ಜಾಗ ನಿಗದಿ ಆಗಿರುತ್ತೆ, ಆಮೇಲೆ ಜಗ್ಗಾಡೋಕೆ ಬರೋದಿಲ್ಲ.

ರೇಖಾ_ಎಂ
ಯಾವ ಕ್ರಮದಲ್ಲಿ ಹಾಕಿದ್ರಿ? ಒಂದು ಕಾಲಂ ಪೂರ್ತಿ ಮಾಡಿ ಇನ್ನೊಂದಾ, ಇಲ್ಲಾ ಒಂದು ನಿಮಗೆ ಒಂದು ಅವನಿಗೆ ಅಂತ ಹಂಚಿದ್ರಾ? ನಮ್ಮ ಟೀಚರ್ ಹಂಚಲೇಬೇಕು ಅಂತಿದ್ರು, ಇಲ್ಲದಿದ್ದರೆ ಇಬ್ಬರ ಶಕ್ತಿ ಬೆರೆಯಲ್ಲ ಅಂತೆ.

ಹಳೇಡೆಕ್ಕು
ಬೆರೆಯೋದು ಬಿಡೋದು ನನಗೆ ಗೊತ್ತಿಲ್ಲಮ್ಮ. ಎರಡೂ ಮಾಡಿ ನೋಡಿದ್ದೇನೆ, ಓದಿನಲ್ಲಿ ವ್ಯತ್ಯಾಸ ಕಂಡಿಲ್ಲ. ಒಂದು ಕಾಲಂ ಪೂರ್ತಿ ಮೊದಲು ಹಾಕಿದರೆ ಆ ಮನುಷ್ಯನ ಕಥೆ ಒಂದೇ ಗುಕ್ಕಿನಲ್ಲಿ ಕಾಣುತ್ತೆ, ಅಷ್ಟೇ ಅನುಕೂಲ.

ತರ್ಕಪ್ಪ
ಒಂದು ಪ್ರಶ್ನೆ, ಜಗಳಕ್ಕಲ್ಲ. 78 ಕಾಗದದ ತುಂಡುಗಳನ್ನು ಕಲಸಿ ಮೂರು ತೆಗೆದರೆ, ಅಲ್ಲಿ ಇಲ್ಲದೇ ಇರೋ ಒಬ್ಬ ಮನುಷ್ಯ ಏನು ಯೋಚಿಸುತ್ತಿದ್ದಾನೆ ಅಂತ ಹೇಗೆ ಗೊತ್ತಾಗುತ್ತೆ? ಫೋನ್ ಮಾಡಿ ಕೇಳಬಾರದಾ?

ಕಪ್ಪುಬೆಕ್ಕು
ನಂಬಿಕೆ ಇಲ್ಲದವರು ಇಲ್ಲಿ ಯಾಕೆ ಬರ್ತೀರಾ ಮಾರಾಯ್ರೆ.

ಹಳೇಡೆಕ್ಕು
ತರ್ಕಪ್ಪನವರು ಕೇಳಿದ್ದು ಸರಿಯಾಗೇ ಇದೆ. ಅವನ ಮನಸ್ಸು ಗೊತ್ತಾಗಲ್ಲ. ಇಪ್ಪತ್ತು ವರ್ಷದಿಂದ ಕಾರ್ಡ್ ಹಿಡಿದಿದ್ದೇನೆ, ಬಲಗಡೆ ಕಾಲಂಗೆ "ಅವನ ಯೋಚನೆ" ಅಂತ ನಾನು ಹೆಸರಿಡೋದಿಲ್ಲ. "ಅವನ ಯೋಚನೆ ನನಗೆ ಕಾಣ್ತಿರೋ ರೀತಿ" ಅಂತ ಇಡುತ್ತೇನೆ. ಹೆಸರು ಇಷ್ಟು ಬದಲಾದರೆ ಓದೇ ಬದಲಾಗುತ್ತೆ. ಆಗ ಫೋರ್ ಆಫ್ ಪೆಂಟಕಲ್ಸ್ "ಅವನು ಜಿಪುಣ" ಅನ್ನುವ ತೀರ್ಪು ಆಗೋದಿಲ್ಲ. "ಅವನು ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡ ಹಾಗೆ ನಿನಗೆ ಯಾವಾಗ ಕಂಡಿತು?" ಅನ್ನುವ ಪ್ರಶ್ನೆ ಆಗುತ್ತೆ. ಅದಕ್ಕೆ ಉತ್ತರ ಮಳೆಹನಿ ಹತ್ತಿರ ಇದ್ದೇ ಇರುತ್ತೆ, ಮೂರು ವರ್ಷದ ಒಡನಾಟ.

ತರ್ಕಪ್ಪ
ಹಾಗಾದರೆ ಕಾರ್ಡ್ ಯಾಕೆ ಬೇಕು, ಆ ಪ್ರಶ್ನೆ ಸುಮ್ನೆ ಕೇಳಿಕೊಂಡರೆ ಆಗಲ್ವಾ?

ಹಳೇಡೆಕ್ಕು
ಆಗುತ್ತೆ. ಕೇಳಿಕೊಳ್ಳೋರು ಕಮ್ಮಿ.

ಜೋಡಿಚಪ್ಪಲಿ
ನಮ್ಮ ಕಥೆ ಕೇಳಿ. ನಾನೂ ನನ್ನ ಗಂಡನೂ ಇದೇ ಸ್ಪ್ರೆಡ್ ಒಟ್ಟಿಗೆ ಕೂತು ಹಾಕಿದ್ವಿ. ಅವರವರ ಕಾಲಂನ ಕಾರ್ಡ್ ಅವರವರೇ ಕಲಸಿ, ಅವರವರೇ ತೆಗೆದು, ಮೊದಲು ಅವರವರೇ ಓದಬೇಕು, ಮಧ್ಯೆ ಇನ್ನೊಬ್ಬರು ಬಾಯಿ ಹಾಕಬಾರದು ಅಂತ ಕಟ್ಟುನಿಟ್ಟು. ಇವರ ಅಡ್ಡಿಯ ಜಾಗಕ್ಕೆ ಟೆನ್ ಆಫ್ ಕಪ್ಸ್ ಬಂತು. ಕಾಮನಬಿಲ್ಲು, ಗಂಡ ಹೆಂಡತಿ, ಕುಣಿಯೋ ಮಕ್ಕಳು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇವರು ಅದನ್ನು ನೋಡ್ತಾ ನೋಡ್ತಾ "ಮನೆ ಅಂದರೆ ಹೀಗೇ ಇರಬೇಕು ಅಂತ ನೀನು ಇಟ್ಟುಕೊಂಡಿರೋ ಚಿತ್ರ ಇದು, ನನಗೆ ಇದರ ಮುಂದೆ ಯಾವಾಗಲೂ ನಾಪಾಸಾದ ಹಾಗೆ ಅನಿಸುತ್ತೆ" ಅಂದರು. ಮೂರು ದಿನ ಮಾತಿಲ್ಲ. ಆಮೇಲೆ ಸರಿ ಹೋಯ್ತು, ಪೂರ್ತಿ ಅಲ್ಲ.

ಹೇಳಿದ್ದೇಕೆ ಅಂದರೆ, ಅಡ್ಡಿಯ ಜಾಗದಲ್ಲಿ ಒಳ್ಳೆ ಕಾರ್ಡ್ ಬಂದರೆ ಅದು ತಪ್ಪಿ ಬಂದಿದ್ದಲ್ಲ.

ಮಳೆಹನಿ
ಜೋಡಿಚಪ್ಪಲಿ ಅಕ್ಕ, ಓದಿ ಮೈ ಜುಂ ಅಂತು. ಹಾಗಾದರೆ ನನ್ನ ಟೂ ಆಫ್ ಕಪ್ಸ್?

ಹಳೇಡೆಕ್ಕು
ಅಡ್ಡಿಯ ಕಾರ್ಡನ್ನು ಒಂಟಿಯಾಗಿ ಓದಬೇಡಿ, ಅದರ ಮೇಲಿರುವ ಆಸೆಯ ಕಾರ್ಡಿನ ಪಕ್ಕದಲ್ಲಿ ಇಟ್ಟುಕೊಂಡು ಓದಿ. ಈ ಆಸೆಗೆ ಇದು ಹೇಗೆ ಅಡ್ಡ ಬರುತ್ತೆ, ಅಷ್ಟೇ ಪ್ರಶ್ನೆ.

ನಿಮ್ಮ ಆಸೆ ಫೋರ್ ಆಫ್ ವ್ಯಾಂಡ್ಸ್. ನಾಲ್ಕು ಕೋಲು, ಮೇಲೆ ಹೂವಿನ ತೋರಣ, ಇಬ್ಬರು ಹೂಗುಚ್ಛ ಎತ್ತಿ ಹಿಡಿದಿದ್ದಾರೆ, ಹಿಂದೆ ಇನ್ನೂ ಜನ, ಕೋಟೆ. ಅಂದರೆ ಎಲ್ಲರ ಎದುರು, ಬಯಲಲ್ಲಿ, ಹೆಸರಿಟ್ಟು ಸಂಭ್ರಮ. ಅದರ ಕೆಳಗೆ ಟೂ ಆಫ್ ಕಪ್ಸ್. ಅದರಲ್ಲಿ ಇಬ್ಬರೇ. ಒಬ್ಬರ ಮುಖ ಒಬ್ಬರು ನೋಡುತ್ತಾ ಬಟ್ಟಲು ಹಿಡಿದು ನಿಂತಿದ್ದಾರೆ, ಮೂರನೆಯವರಿಗೆ ಅಲ್ಲಿ ಜಾಗ ಇಲ್ಲ. ನಾನು ಓದೋದು ಹೀಗೆ: ನೀವಿಬ್ಬರೇ ಇದ್ದಾಗ ಎಲ್ಲಾ ಎಷ್ಟು ಚೆನ್ನಾಗಿದೆ ಅಂದರೆ, ಅದನ್ನು ಕೆಡಿಸೋಕೆ ನಿಮಗೆ ಭಯ. ಅದಕ್ಕೇ ಮದುವೆ ಮಾತನ್ನು ನೀವು ಗಟ್ಟಿಯಾಗಿ ಕೇಳಿಲ್ಲ, ಸುಮ್ನೆ ಎತ್ತಿ ಬಿಟ್ಟಿದ್ದೀರಿ. ಅವನು ಬೇರೆ ವಿಷಯಕ್ಕೆ ಹೋದ ಕೂಡಲೇ ನೀವೂ ಹಿಂದೆಯೇ ಹೋಗಿದ್ದೀರಿ. ತಪ್ಪಾಗಿದ್ದರೆ ಹೇಳಿ.

ಮಳೆಹನಿ
ತಪ್ಪಿಲ್ಲ. ಹೋದ ವಾರವೂ ಅದೇ ಆಯ್ತು. "ಅದು ಬಿಡು, ಆ ಸಿನಿಮಾ ನೋಡಿದ್ಯಾ" ಅಂದ. ನಾನೂ ನಕ್ಕು ಸಿನಿಮಾ ಬಗ್ಗೆ ಮಾತಾಡಿದೆ.

ಸುಮ್ನೆಬಂದೆ
ಯಾವ ಸಿನಿಮಾ?

ಕಪ್ಪುಬೆಕ್ಕು
ಎಲ್ಲಾ ಸರಿ, ಏಟ್ ಆಫ್ ಕಪ್ಸ್ ಬಗ್ಗೆ ಯಾರೂ ಮಾತಾಡ್ತಾ ಇಲ್ಲ. ಎಂಟು ಬಟ್ಟಲು ಬಿಟ್ಟು, ಬೆನ್ನು ತಿರುಗಿಸಿ, ಕೋಲು ಹಿಡಿದು ಬೆಟ್ಟದ ಕಡೆ ನಡೀತಿದ್ದಾನೆ. ಆಸೆಯ ಜಾಗದಲ್ಲಿ. ಇನ್ನೇನು ಹೇಳಬೇಕು? ಸಮಾಧಾನ ಹೇಳೋಕೆ ಹೋಗಿ ಸುಳ್ಳು ಹೇಳಬಾರದು.

ಹಳೇಡೆಕ್ಕು
ಅರ್ಧ ಒಪ್ಪುತ್ತೇನೆ. ಬಿಟ್ಟು ಹೋಗುವ ಕಾರ್ಡೇ ಅದು, ಅದನ್ನು ಸಿಹಿ ಮಾಡೋದು ಬೇಡ. ಆದರೆ ಏನನ್ನು ಬಿಟ್ಟು? ಕಾರ್ಡಿನಲ್ಲಿ ಬರೆದಿಲ್ಲ. ಅದನ್ನು ಅದೇ ಕಾಲಂನ ಮೇಲಿನ ಕಾರ್ಡಿನಲ್ಲಿ ಹುಡುಕಬೇಕು. ಅಲ್ಲಿ ಇರೋದು ಫೋರ್ ಆಫ್ ಪೆಂಟಕಲ್ಸ್. ಒಂದು ನಾಣ್ಯ ತಲೆ ಮೇಲೆ, ಒಂದು ಎದೆಗೆ ಅಪ್ಪಿಕೊಂಡು, ಎರಡು ಕಾಲಡಿ. ಅಲ್ಲಾಡಿದರೆ ಏನಾದರೂ ಬೀಳುತ್ತೆ ಅಂತ ಕೂತಿದ್ದಾನೆ. ತಲೆಯಲ್ಲಿ "ಹಿಡಿದುಕೋ", ಮನಸ್ಸಿನಲ್ಲಿ "ಬಿಟ್ಟು ಹೋಗು". ಒಂದೇ ಕಾಲಂನಲ್ಲಿ ಹೀಗೆ ಎದುರುಬದುರು ಬಂದರೆ, ಆ ಜಗಳ ಆ ಮನುಷ್ಯನ ಒಳಗಿನದು ಅಂತ ಮೊದಲು ಓದುತ್ತೇನೆ. ಹಣ, ಕೆಲಸ, ಭದ್ರತೆ ಇಂಥದ್ದು ಯಾವುದೋ ಅವನಿಗೆ ಸಾಕಾಗಿದೆ, ಆದರೆ ಬಿಡೋಕೆ ಆಗ್ತಿಲ್ಲ.

ಸಂಬಂಧವನ್ನೇ ಬಿಡುವ ಆಸೆ ಅಂತ ಓದಬೇಕಾದರೆ ನನಗೆ ಇನ್ನೊಂದು ಗುರುತು ಬೇಕು. ಅವನ ಯೋಚನೆಯಲ್ಲೂ ಕಪ್ಸ್ ಬಂದಿದ್ದರೆ, ಉದಾಹರಣೆಗೆ ಫೋರ್ ಆಫ್ ಕಪ್ಸ್, ಕೈ ಕಟ್ಟಿ ಕೂತು ಕೊಟ್ಟ ಬಟ್ಟಲನ್ನೂ ನೋಡದವನು, ಆಗ ನಾನೂ ಕಪ್ಪುಬೆಕ್ಕಿನ ಮಾತೇ ಹೇಳುತ್ತಿದ್ದೆ.

ಮತ್ತೆ, ಆಸೆ ಬೇರೆ, ಕೆಲಸ ಬೇರೆ. ಈ ಸ್ಪ್ರೆಡ್‌ನಲ್ಲಿ "ಏನು ಮಾಡ್ತಾನೆ" ಅನ್ನೋ ಜಾಗವೇ ಇಲ್ಲ. ಶೀರ್ಷಿಕೆಯಲ್ಲಿ ನೀವು ಕೇಳಿದ ಪ್ರಶ್ನೆಗೆ ಈ ಆರು ಕಾರ್ಡ್ ಉತ್ತರ ಕೊಡೋಕೆ ಬರೋದೇ ಇಲ್ಲ.

ರೇಖಾ_ಎಂ
ಆರೂ ಕಾರ್ಡ್ ನೇರವಾಗೇ ಬಂದಿದೆಯಲ್ಲ, ಒಂದೂ ರಿವರ್ಸ್ ಇಲ್ಲ. ಸರಿಯಾಗಿ ಕಲಸಿಲ್ಲ ಅನಿಸುತ್ತೆ. ಇನ್ನೊಂದು ಸಲ ಹಾಕಿ.

ತರ್ಕಪ್ಪ
ಇದು ನನ್ನ ಏರಿಯಾ. ತಲೆಕೆಳಗೂ ನೇರವೂ ಸಮಸಮ ಇದ್ದರೆ ಆರೂ ನೇರ ಬೀಳುವ ಸಾಧ್ಯತೆ 64ರಲ್ಲಿ 1. ಅಪರೂಪ, ಆದರೆ ಪವಾಡ ಅಲ್ಲ. ಅವರು ಕಾರ್ಡ್ ತಿರುಗಿಸಿ ಕಲಸೋ ಪದ್ಧತಿಯೇ ಇಲ್ಲದಿದ್ದರೆ ಅದು 1ರಲ್ಲಿ 1.

ಮಳೆಹನಿ
ನಾನು ರಿವರ್ಸ್ ಇನ್ನೂ ಕಲಿತಿಲ್ಲ, ಎಲ್ಲಾ ನೇರ ಮಾಡಿಕೊಂಡೇ ಕಲಸೋದು.

ರೇಖಾ_ಎಂ
ಓ ಹಾಗಾದರೆ ಸರಿ ಬಿಡಿ. ಆದರೂ ರಿವರ್ಸ್ ಇಲ್ಲದೆ ಅಡ್ಡಿ ಹೇಗೆ ಗೊತ್ತಾಗುತ್ತೆ ಅಂತ ನನಗೆ ಅರ್ಥ ಆಗಲ್ಲ.

ಜೋಡಿಚಪ್ಪಲಿ
ಜಾಗವೇ ಅಡ್ಡಿ ಅಂತ ಹೇಳುತ್ತಲ್ಲ. ಕಾರ್ಡೂ ತಲೆಕೆಳಗಾಗಿ ನಿಂತು ಹೇಳಬೇಕಾ?

ಮಳೆಹನಿ
ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ. ಏಟ್ ಆಫ್ ಕಪ್ಸ್ ನೋಡಿ ಗಾಬರಿಯಾಗಿ ಕ್ಲಾರಿಫೈಯರ್ ಅಂತ ಒಂದು ತೆಗೆದೆ. ಫೈವ್ ಆಫ್ ಕಪ್ಸ್ ಬಂತು. ಇನ್ನೊಂದು ತೆಗೆದೆ, ಟವರ್. ಇನ್ನೊಂದು ತೆಗೆದೆ, ಸಿಕ್ಸ್ ಆಫ್ ವ್ಯಾಂಡ್ಸ್. ಅಲ್ಲಿಗೆ ನಿಲ್ಲಿಸಿದೆ.

ಸುಮ್ನೆಬಂದೆ
ಒಳ್ಳೆ ಕಾರ್ಡ್ ಬಂದ ಮೇಲೆ ನಿಲ್ಲಿಸಿದ್ರಿ ಅನ್ನಿ 😄

ಹಳೇಡೆಕ್ಕು
ಸುಮ್ನೆಬಂದೆ ತಮಾಷೆಗೆ ಹೇಳಿದ್ದು ನಿಜ. ಆ ಮೂರನ್ನೂ ಪಕ್ಕಕ್ಕಿಡಿ. ಅವನ ಕಾಲಂಗೆ ಮೂರು ಜಾಸ್ತಿ ಹಾಕಿದ್ರಿ, ನಿಮ್ಮದಕ್ಕೆ ಒಂದೂ ಇಲ್ಲ. ಈಗ ಅಲ್ಲಿ ಇರೋದು ಇಬ್ಬರ ಸ್ಪ್ರೆಡ್ ಅಲ್ಲ, ಅವನ ವಿಚಾರಣೆ. ಆರರಲ್ಲಿ ಒಂದೂ ಮೇಜರ್ ಬಂದಿರಲಿಲ್ಲ, ಅದೂ ಒಂದು ಮಾತು. ನಾನು ಅದನ್ನು ದಿನನಿತ್ಯದ, ಕೂತು ಮಾತಾಡಿದರೆ ಅಲ್ಲಾಡುವ ವಿಷಯ ಅಂತ ತಗೊಳ್ತೀನಿ. ನೀವು ಟವರ್ ಎಳೆದು ತಂದು ಅದನ್ನೂ ಕೆಡಿಸಿದ್ರಿ.

ಮಳೆಹನಿ
ವಿಚಾರಣೆ ಅಂದದ್ದು ಚುಚ್ಚಿತು. ಸರಿ. ಇನ್ನು ಕ್ವೀನ್ ಆಫ್ ಸ್ವೋರ್ಡ್ಸ್ ಯಾರು? ಅದೊಂದು ಹೇಳಿಬಿಡಿ.

ಕಪ್ಪುಬೆಕ್ಕು
ಬೇರೆ ಹೆಂಗಸು. ವಯಸ್ಸಾದವಳು ಅಥವಾ ಗಂಡನಿಂದ ಬೇರೆಯಾದವಳು. ಹಳೇ ಪುಸ್ತಕಗಳಲ್ಲಿ ವಿಧವೆ ಅಂತಾನೇ ಇದೆ.

ರೇಖಾ_ಎಂ
ಅವರ ತಾಯಿ ಇರಬಹುದು. ಮದುವೆಗೆ ಅಡ್ಡಿ ಅಂದರೆ ಇನ್ಯಾರು?

ಜೋಡಿಚಪ್ಪಲಿ
ಮಳೆಹನಿಯೇ ಯಾಕಾಗಿರಬಾರದು? ಅವನ ಕಣ್ಣಿಗೆ ನೀನು ಕತ್ತಿ ನೆಟ್ಟಗೆ ಹಿಡಿದು ಕೂತು ಪ್ರಶ್ನೆ ಕೇಳೋಳು ಅಂತ ಕಾಣಿಸ್ತಿರಬಹುದು.

ಮಳೆಹನಿ
ಆದರೆ ನಾನು ಗಟ್ಟಿಯಾಗಿ ಕೇಳೇ ಇಲ್ಲ ಅಂತ ಈಗಷ್ಟೇ ಹೇಳಿದ್ರಿ!

ಜೋಡಿಚಪ್ಪಲಿ
ಬಾಯಲ್ಲಿ ಕೇಳಿಲ್ಲ. ಮುಖದಲ್ಲಿ ಕೇಳ್ತಿರ್ತೀವಿ.

ಹಳೇಡೆಕ್ಕು
ಕೋರ್ಟ್ ಕಾರ್ಡ್ ಬಂದರೆ ಮೂರು ದಾರಿ ಇರುತ್ತೆ: ಇನ್ನೊಬ್ಬ ವ್ಯಕ್ತಿ, ಎದುರು ಕಾಲಂನವರು, ಇಲ್ಲಾ ಆ ಮನುಷ್ಯನದೇ ಒಂದು ಗುಣ. ನಾನು ಮೂರನೆಯದರಿಂದ ಶುರು ಮಾಡುತ್ತೇನೆ, ಯಾಕಂದರೆ ಅಡ್ಡಿಯ ಜಾಗ ಅವನ ಕಾಲಂನಲ್ಲಿದೆ. ಎಲ್ಲವನ್ನೂ ಅಳೆದು ತೂಗಿ, ತಪ್ಪಿಲ್ಲದ ಉತ್ತರ ಸಿಗುವ ತನಕ ಬಾಯಿ ಬಿಡದೇ ಇರೋ ಸ್ವಭಾವ. ರಾಣಿ ಅಂದ ಮಾತ್ರಕ್ಕೆ ಹೆಂಗಸೇ ಆಗಬೇಕಿಲ್ಲ.

ಇನ್ನೊಂದು ನೋಡಿ, ಈ ರಾಣಿ ಪಕ್ಕಮುಖ ಮಾಡಿ ಬಲಕ್ಕೆ ನೋಡ್ತಾಳೆ. ನಿಮ್ಮ ಸ್ಪ್ರೆಡ್‌ನಲ್ಲಿ ಅವಳು ಬಲಗಡೆ ಕಾಲಂನಲ್ಲಿ, ಅಂದರೆ ನಿಮಗೆ ಬೆನ್ನು ಹಾಕಿ ಹೊರಗೆ ನೋಡ್ತಿದ್ದಾಳೆ. ಮೇಲೆ ನಿಮ್ಮ ಸೆವೆನ್ ಆಫ್ ಸ್ವೋರ್ಡ್ಸ್‌ನವನು ಎಡಕ್ಕೆ ಹೋಗ್ತಾ ಹಿಂದೆ ತಿರುಗಿ ಬಲಕ್ಕೆ ನೋಡ್ತಾನೆ, ಅಂದರೆ ಅವನ ಕಾಲಂ ಕಡೆಗೆ. ಒಬ್ಬರು ದೂರ ಹೋಗ್ತಾ ಕಣ್ಣಿಟ್ಟಿದ್ದಾರೆ, ಇನ್ನೊಬ್ಬರು ಕಣ್ಣೇ ಕೊಡ್ತಿಲ್ಲ.

ಒಂಟಿಗಿಳಿ
ನೋಟದ ದಿಕ್ಕು ಎಲ್ಲಾ ಡೆಕ್‌ಗೂ ನಡೆಯಲ್ಲ ಅಂತ ಸೇರಿಸಿ ಸರ್. ಅದು 1909ರ ರೈಡರ್ ಡೆಕ್‌ನ ಚಿತ್ರ, ಪಮೇಲಾ ಕೋಲ್ಮನ್ ಸ್ಮಿತ್ ಬರೆದದ್ದು. ನನ್ನ ಹತ್ತಿರ ಇರೋದು ಮಾರ್ಸೇ ಡೆಕ್, ಅದರಲ್ಲಿ ಏಳು ಕತ್ತಿ ಅಂದರೆ ಬರೀ ಏಳು ಕತ್ತಿ. ಕಳ್ಳನೂ ಇಲ್ಲ, ಟೆಂಟೂ ಇಲ್ಲ. ಮಳೆಹನಿ ಮಾರ್ಸೇ ಇಟ್ಟುಕೊಂಡಿದ್ದರೆ ನಿನ್ನೆ ನಿದ್ದೆ ಮಾಡ್ತಿದ್ದರು.

ಹಳೇಡೆಕ್ಕು
ಹೌದು, ಒಪ್ಪಿದೆ. ಹೇಳೋದು ಮರೆತಿದ್ದೆ.

ದಾರಿಹೋಕ
ನಾನು ಹೇಳಿದ ಹಾಗೆ ಓದಿದರೆ ಇಷ್ಟೆಲ್ಲಾ ರಗಳೆ ಇರಲಿಲ್ಲ.

ಮಳೆಹನಿ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಅವನ ಹತ್ತಿರ ಮಾತಾಡಿದೆ. ಕಾರ್ಡ್ ವಿಷಯ ಹೇಳಲಿಲ್ಲ. "ನೀನು ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡು ಕೂತ ಹಾಗೆ ಕಾಣ್ತೀಯ, ಏನದು" ಅಂತ ಮಾತ್ರ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ಕೆಲಸ ಬಿಟ್ಟು ಮತ್ತೆ ಓದೋಕೆ ಹೋಗಬೇಕು ಅಂತ ಒಂದು ವರ್ಷದಿಂದ ಅಂದುಕೊಂಡಿದ್ದಾನಂತೆ, ಸಂಬಳ ಇಲ್ಲದೆ ಮದುವೆ ಅಂದರೆ ನಾನು ಏನಂತೀನೋ ಅಂತ ಹೇಳಿರಲಿಲ್ಲವಂತೆ. ಮದುವೆ ಬಗ್ಗೆ ಹೌದು ಅಂತಾನೂ ಹೇಳಲಿಲ್ಲ, ಇಲ್ಲ ಅಂತಾನೂ ಹೇಳಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಅಂದ.

ರೇಖಾ_ಎಂ
ನೋಡಿದ್ರಾ ಕಾರ್ಡ್ ಎಷ್ಟು ಕರೆಕ್ಟ್!! ಮೈ ನವಿರೇಳುತ್ತೆ.

ತರ್ಕಪ್ಪ
ಕೇಳಿದ್ದಕ್ಕೆ ಹೇಳಿದ. ಕರೆಕ್ಟ್ ಆಗಿದ್ದು ಪ್ರಶ್ನೆ.

ಕಪ್ಪುಬೆಕ್ಕು
ಒಂದು ವರ್ಷ ಮುಚ್ಚಿಟ್ಟಿದ್ದ ಅಲ್ವಾ? ಅದಕ್ಕೆ ನಾನು ಏನಂದಿದ್ದೆ? ಸೆವೆನ್ ಆಫ್ ಸ್ವೋರ್ಡ್ಸ್.

ಹಳೇಡೆಕ್ಕು
ಕಪ್ಪುಬೆಕ್ಕು ಅವರೇ, ನಿಮ್ಮನ್ನು ಸೋಲಿಸೋದು ಕಷ್ಟ. ಆದರೆ ಅದು ಆಕೆಯ ಕಾಲಂನಲ್ಲಿತ್ತು ಅನ್ನೋದು ಮಾತ್ರ ನಾನು ಬಿಡೋದಿಲ್ಲ. ಅವನ ಕಾಲಂನಲ್ಲಿ ಗುಟ್ಟು ಅಪ್ಪಿಕೊಂಡು ಕೂತವನು ಇದ್ದನಲ್ಲ, ನಾಣ್ಯ ಹಿಡಿದವನು, ಆ ಮೌನಕ್ಕೆ ಅವನೇ ಸಾಕು. ಮಳೆಹನಿ, ಇನ್ನು ಸದ್ಯಕ್ಕೆ ಇದೇ ಪ್ರಶ್ನೆಗೆ ಮತ್ತೆ ಹಾಕಬೇಡಿ. ಅವನು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾನೆ, ಕಾರ್ಡ್ ಅವನಿಗಿಂತ ಮುಂಚೆ ಹೇಳೋದು ಬೇಡ.

ಜೋಡಿಚಪ್ಪಲಿ
"ಯೋಚನೆ ಮಾಡಿ ಹೇಳ್ತೀನಿ." ಅಲ್ಲೇ ಇದ್ದಾಳೆ ನೋಡಿ ಕತ್ತಿ ರಾಣಿ.

ಮಳೆಹನಿ
ಅಥವಾ ಅವರಮ್ಮ. ನಿನ್ನೆ ಮಾತಿನ ಮಧ್ಯೆ ಎರಡು ಸಲ ಅವರ ಫೋನ್ ಬಂತು.

ಸುಮ್ನೆಬಂದೆ
ಸಿನಿಮಾ ಹೆಸರು ಇನ್ನೂ ಹೇಳಿಲ್ಲ.